ಕೈಯಲ್ಲಿ ಉಳಿಯುವ ಐದು ಸಾವಿರ: ಸಾಲಕ್ಕೋ, ಎಸ್‌ಐಪಿಗೋ?

ತುಮಕೂರಿನ ಅಕ್ಕನ ಮನೆಗೆ ಹೋದಾಗ ಊಟ ಮುಗಿಯುವುದನ್ನೇ ಕಾದಿದ್ದವನಂತೆ ಅವಳ ಮಗ ಮೊಬೈಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ತಂಗಿಯ ಮದುವೆಗೆಂದು ಹಿಂದಿನ ವರ್ಷ ಐದು ಲಕ್ಷ ರೂಪಾಯಿ ಪರ್ಸನಲ್ ಲೋನ್ ತೆಗೆದಿದ್ದ. ಶೇ 16 ಬಡ್ಡಿ, ಐದು ವರ್ಷದ ಅವಧಿ, ತಿಂಗಳಿಗೆ 12,159 ರೂಪಾಯಿ ಕಂತು. ಹನ್ನೆರಡು ಕಂತು ಕಟ್ಟಿ ಮುಗಿಸಿದ್ದ. ಆ ತಿಂಗಳು ಸಂಬಳ ಏರಿತ್ತು, ಎಲ್ಲ ಖರ್ಚು ಕಳೆದು ತಿಂಗಳಿಗೆ ಐದು ಸಾವಿರ ಉಳಿಯುವ ಹಾಗಿತ್ತು.

"ಮಾವ, ಈ ಐದು ಸಾವಿರವನ್ನ ಸಾಲಕ್ಕೆ ಕಟ್ಟಿಬಿಡಲಾ, ಇಲ್ಲ ಎಸ್‌ಐಪಿ ಶುರು ಮಾಡಲಾ? ನಮ್ಮ ಲೈನ್‌ನಲ್ಲಿ ಇರೋರೆಲ್ಲ ಎಸ್‌ಐಪಿ ಮಾಡ್ತಿದ್ದಾರೆ" ಅಂದ. ಮೊಬೈಲಿನಲ್ಲಿ ಲೆಕ್ಕವನ್ನೂ ಹಾಕಿಟ್ಟಿದ್ದ. ತಿಂಗಳಿಗೆ ಐದು ಸಾವಿರದಂತೆ ನಾಲ್ಕು ವರ್ಷ, ಶೇ 12 ಆದಾಯ ಎಂದು ಹಿಡಿದರೆ 2,40,000 ರೂಪಾಯಿ 3,06,000 ಆಗುತ್ತದೆ. ಲಾಭ 66 ಸಾವಿರ. ಅದೇ ಐದು ಸಾವಿರವನ್ನು ಕಂತಿನ ಜೊತೆ ಸಾಲಕ್ಕೆ ಕಟ್ಟಿದರೆ ಉಳಿಯುವ ಬಡ್ಡಿ 58 ಸಾವಿರ. "66 ದೊಡ್ಡದೋ 58 ದೊಡ್ಡದೋ? ಎಸ್‌ಐಪಿನೇ ಗೆದ್ದಂಗಲ್ವಾ?"

ಎರಡು ಅಂಕಿಗಳೂ ಸರಿಯಾಗಿಯೇ ಇದ್ದವು. ಆದರೂ ತೀರ್ಮಾನ ತಪ್ಪು. ಈ ತಪ್ಪನ್ನು ಓದಿದವರೂ ಮಾಡುತ್ತಾರೆ, ಆದ್ದರಿಂದ ಅದು ಎಲ್ಲಿ ಅಡಗಿದೆ ಎಂಬುದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲು ಸಾಲದ ಲೆಕ್ಕ ಹೇಗೆ ನಡೆಯುತ್ತದೆ ನೋಡೋಣ. ಬ್ಯಾಂಕು ಪ್ರತಿ ತಿಂಗಳೂ ಬಾಕಿ ಇರುವ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತದೆ. ವರ್ಷಕ್ಕೆ ಶೇ 16 ಎಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಮೂವತ್ತಮೂರು ಪೈಸೆ. ಮೊದಲ ತಿಂಗಳು ಐದು ಲಕ್ಷಕ್ಕೆ ಬಡ್ಡಿ 6,667 ರೂಪಾಯಿ. ಹುಡುಗ ಕಟ್ಟಿದ 12,159ರಲ್ಲಿ ಅಷ್ಟು ಬಡ್ಡಿಗೆ ಹೋಗಿ, ಉಳಿದ 5,492 ಮಾತ್ರ ಅಸಲಿಗೆ ಜಮೆಯಾಯಿತು. ಒಂದು ವರ್ಷದಲ್ಲಿ ಅವನು ಕಟ್ಟಿದ್ದು ಹೆಚ್ಚುಕಡಿಮೆ 1,46,000. ಅಸಲು ಇಳಿದದ್ದು 71 ಸಾವಿರ. ಬಾಕಿ ಇನ್ನೂ 4,29,000. ಸ್ಟೇಟ್‌ಮೆಂಟ್ ತೆಗೆದು ಈ ಸಾಲು ತೋರಿಸಿದಾಗ ಅವನ ಮುಖ ಸಣ್ಣಗಾಯಿತು. "ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಗಿದ್ಯಾ?" ಎಂದು ಎರಡು ಸಲ ಕೇಳಿದ.

ಇಲ್ಲೇ ಜನರಲ್ಲಿ ಬೇರೂರಿರುವ ಒಂದು ನಂಬಿಕೆಯನ್ನೂ ಹೇಳಿಬಿಡಬೇಕು. "ಬ್ಯಾಂಕಿನವರು ಬಡ್ಡಿಯನ್ನೆಲ್ಲ ಮೊದಲೇ ಹಿಡಿದುಕೊಂಡುಬಿಡುತ್ತಾರೆ, ಎರಡು ವರ್ಷ ಆದಮೇಲೆ ಮೊದಲೇ ತೀರಿಸಿ ಪ್ರಯೋಜನ ಇಲ್ಲ" ಎನ್ನುತ್ತಾರೆ. ಹಾಗೇನೂ ಇಲ್ಲ. ಮೊದಮೊದಲು ಬಾಕಿ ದೊಡ್ಡದಿರುವುದರಿಂದ ಬಡ್ಡಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಯಾವ ತಿಂಗಳು ಕಟ್ಟಿದರೂ ನೀವು ಹೆಚ್ಚಿಗೆ ಕಟ್ಟಿದ ಒಂದು ರೂಪಾಯಿ ಅಂದಿನಿಂದ ವರ್ಷಕ್ಕೆ 16 ಪೈಸೆಯಂತೆ ಬಡ್ಡಿ ಉಳಿಸುತ್ತದೆ. ಬೇಗ ಕಟ್ಟಿದರೆ ಹೆಚ್ಚು ತಿಂಗಳು ಉಳಿಸುತ್ತದೆ, ತಡವಾಗಿ ಕಟ್ಟಿದರೆ ಕಡಿಮೆ ತಿಂಗಳು.

ಐದು ಸಾವಿರದ ಒಂದೇ ಒಂದು ಕಂತನ್ನು ಹತ್ತಿರದಿಂದ ನೋಡಿ. ಹದಿಮೂರನೇ ತಿಂಗಳು ಮಾಮೂಲಿ ಕಂತಿನ ಜೊತೆ ಐದು ಸಾವಿರ ಹೆಚ್ಚಿಗೆ ಕಟ್ಟಿದ ಎನ್ನೋಣ. ಮುಂದಿನ ತಿಂಗಳ ಬಡ್ಡಿಯಲ್ಲಿ ಇಳಿಯುವುದು 67 ರೂಪಾಯಿ. ಎರಡು ಪ್ಲೇಟು ಇಡ್ಲಿಯ ದುಡ್ಡು. ಇದನ್ನು ನೋಡಿಯೇ ಬಹಳ ಜನ ಕೈಬಿಡುತ್ತಾರೆ. ಆದರೆ ಕಂತಿನ ಮೊತ್ತ ಬದಲಾಗಿಲ್ಲವಲ್ಲ, ಆ 67 ರೂಪಾಯಿ ಈಗ ಅಸಲಿನ ಕಡೆಗೆ ಸರಿಯುತ್ತದೆ. ಅದರ ಮೇಲೂ ಮುಂದೆ ಬಡ್ಡಿ ಬೀಳುವುದಿಲ್ಲ. ಹೀಗೆ ಉಳಿದ 47 ತಿಂಗಳು ಸಾಗಿದರೆ, ಆ ಒಂದು ಐದು ಸಾವಿರ ಸಾಲದ ಬಾಲದಲ್ಲಿ 9,300 ರೂಪಾಯಿಯಷ್ಟು ಕಂತನ್ನು ಅಳಿಸಿಹಾಕುತ್ತದೆ. ಚಕ್ರಬಡ್ಡಿ ಹೂಡಿಕೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಸಾಲ ತೀರಿಸುವಾಗಲೂ ಅದೇ ಚಕ್ರ ನಮ್ಮ ಪರವಾಗಿ ತಿರುಗುತ್ತದೆ.

ಈಗ ಹುಡುಗನ 66ಕ್ಕೂ 58ಕ್ಕೂ ಬರೋಣ. ಪ್ರತಿ ತಿಂಗಳೂ 12,159ರ ಜೊತೆ ಐದು ಸಾವಿರ ಸೇರಿಸಿ 17,159 ಕಟ್ಟುತ್ತಾ ಹೋದರೆ ಅವನ ಸಾಲ ಇನ್ನು 48 ತಿಂಗಳ ಬದಲು 31 ತಿಂಗಳಿಗೆ ತೀರುತ್ತದೆ. ಬಡ್ಡಿಯಲ್ಲಿ ಉಳಿದದ್ದು 58 ಸಾವಿರ. ಅಲ್ಲಿಗೆ ಅವನು ಲೆಕ್ಕ ನಿಲ್ಲಿಸಿದ್ದ. ಎಸ್‌ಐಪಿಯನ್ನಾದರೋ 48 ತಿಂಗಳು ಪೂರ್ತಿ ನಡೆಸಿದ್ದ. ಒಂದು ಕಡೆ 30 ತಿಂಗಳು ಹೆಚ್ಚಿಗೆ ಕಟ್ಟಿದ ದುಡ್ಡು, ಇನ್ನೊಂದು ಕಡೆ 48 ತಿಂಗಳು ಹಾಕಿದ ದುಡ್ಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ಸಾಲ ತೀರಿದ ಮೇಲಿನ 17 ತಿಂಗಳು ಅವನ ಕೈಯಲ್ಲಿ ತಿಂಗಳಿಗೆ ಐದು ಸಾವಿರವಲ್ಲ, 17,159 ರೂಪಾಯಿ ಉಳಿಯುತ್ತದೆ. ಕಂತೂ ಇಲ್ಲ, ಹೆಚ್ಚುವರಿಯೂ ಇಲ್ಲ, ಎರಡೂ ಅವನದೇ. ಅದನ್ನು ಅದೇ ಶೇ 12ರ ಎಸ್‌ಐಪಿಗೆ ಹಾಕಿದರೆ 48ನೇ ತಿಂಗಳ ಕೊನೆಗೆ 3,24,000 ಆಗುತ್ತದೆ. ಮೊದಲಿನಿಂದ ಎಸ್‌ಐಪಿ ಮಾಡಿದ್ದರೆ 3,06,000. ಎರಡರಲ್ಲೂ ಸಾಲ ತೀರಿರುತ್ತದೆ, ಎರಡರಲ್ಲೂ ಜೇಬಿನಿಂದ ಹೋದದ್ದು ತಿಂಗಳಿಗೆ 17,159. ಸಾಲ ಮೊದಲು ತೀರಿಸಿದ ದಾರಿಯಲ್ಲಿ 18 ಸಾವಿರ ಹೆಚ್ಚು. ಇಷ್ಟಕ್ಕೂ ಎಸ್‌ಐಪಿಗೆ ನಾಲ್ಕೂ ವರ್ಷ ಶೇ 12 ತಪ್ಪದೆ ಸಿಕ್ಕಿತು ಎಂದು ನಾವೇ ಉದಾರವಾಗಿ ಒಪ್ಪಿಕೊಂಡದ್ದು.

ಅವನು ಇನ್ನೂ ಅನುಮಾನದಲ್ಲಿದ್ದ. "ಎಸ್‌ಐಪಿ ಬೇಡ, ಆರ್‌ಡಿ ಮಾಡಿದ್ರೆ? ಅದ್ರಲ್ಲಿ ಭಯ ಇಲ್ವಲ್ಲ." ಶೇ 7ರಂತೆ ಆರ್‌ಡಿ ಕಟ್ಟಿದರೆ 48 ತಿಂಗಳಿಗೆ ಸಿಗುವುದು ಸುಮಾರು 2,76,000, ಅದರ ಬಡ್ಡಿಗೆ ಆದಾಯ ತೆರಿಗೆಯ ಲೆಕ್ಕ ಬೇರೆ. ಸಾಲ ಮೊದಲು ತೀರಿಸಿ, ಆಮೇಲಿನ 17 ತಿಂಗಳ ದುಡ್ಡನ್ನು ಎಲ್ಲೂ ಹೂಡದೆ ಅಕ್ಕಿ ಡಬ್ಬದಲ್ಲಿ ಇಟ್ಟರೂ 2,98,000 ಇರುತ್ತದೆ. ಆರ್‌ಡಿಗಿಂತ 22 ಸಾವಿರ ಜಾಸ್ತಿ. ಉಳಿಸಿದ ಬಡ್ಡಿಗೆ ತೆರಿಗೆಯೂ ಇಲ್ಲ, ಯಾಕೆಂದರೆ ಅದು ಆದಾಯವಲ್ಲ, ಆಗದೇ ಹೋದ ಖರ್ಚು. ಅಕ್ಕಿ ಡಬ್ಬದ ಮಾತು ಕೇಳಿ ಒಳಗಿದ್ದ ಅಕ್ಕನೂ ಬಂದು ಕೂತಳು.

ಇದರ ಗುಟ್ಟು ಸರಳ. ಶೇ 16ರ ಸಾಲವನ್ನು ಮೊದಲೇ ತೀರಿಸುವುದೆಂದರೆ ಶೇ 16 ಆದಾಯ ಖಚಿತವಾಗಿ ಕೊಡುವ ಕಡೆ ದುಡ್ಡು ಹಾಕಿದ ಹಾಗೆ. ಎಸ್‌ಐಪಿ ಗೆಲ್ಲಬೇಕಾದರೆ ಈ ನಾಲ್ಕು ವರ್ಷದಲ್ಲಿ ಶೇ 16ಕ್ಕಿಂತ ಹೆಚ್ಚು ಕೊಡಬೇಕು. ಕೊಡಲಾರದು ಎಂದು ನಾನು ಹೇಳುವುದಿಲ್ಲ, ಷೇರು ಪೇಟೆ ಕೆಲವು ನಾಲ್ಕು ವರ್ಷಗಳಲ್ಲಿ ಅದಕ್ಕಿಂತ ಹೆಚ್ಚೂ ಕೊಟ್ಟಿದೆ. ಆದರೆ ಯಾವ ನಾಲ್ಕು ವರ್ಷ ಎಂಬುದು ಮೊದಲೇ ಗೊತ್ತಾಗುವುದಿಲ್ಲ.

ನೆನಪಿಗೆ ಹತ್ತಿರದ ಉದಾಹರಣೆ ಕೋವಿಡ್ ಬಂದ ವರ್ಷ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್ 23ರಂದು 7,600ರ ಆಸುಪಾಸಿಗೆ ಬಿತ್ತು. ಅದು 2016ರ ಏಪ್ರಿಲ್ ಮೊದಲ ದಿನಗಳಲ್ಲಿದ್ದ ಮಟ್ಟ. ನಾಲ್ಕು ವರ್ಷ ತಪ್ಪದೆ ಎಸ್‌ಐಪಿ ಕಟ್ಟಿ ಆ ವಾರ ಖಾತೆ ತೆರೆದು ನೋಡಿದವರಿಗೆ ಹಾಕಿದ ಅಸಲೂ ಪೂರ್ತಿ ಕಾಣಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಪೇಟೆ ಹಳೆಯ ಎತ್ತರವನ್ನು ದಾಟಿತು, ಕಾದವರು ಉಳಿದರು. ಆದರೆ ಸಾಲ ಇಟ್ಟುಕೊಂಡವರಿಗೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಪೇಟೆ ಬಿದ್ದ ತಿಂಗಳುಗಳಲ್ಲೇ ಕಾರ್ಖಾನೆಗಳು ಮುಚ್ಚಿದವು, ಸಂಬಳ ಕಡಿತವಾಯಿತು. ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಡಿಸಿತು ನಿಜ, ಆದರೆ ಆ ತಿಂಗಳುಗಳ ಬಡ್ಡಿ ಸಾಲದ ಮೇಲೆ ಬೆಳೆಯುತ್ತಲೇ ಇತ್ತು. ಷೇರು ಕುಸಿಯುವ ಕಾಲವೂ ಕೆಲಸಕ್ಕೆ ಕುತ್ತು ಬರುವ ಕಾಲವೂ ಒಟ್ಟಿಗೆ ಬರುವುದುಂಟು. ಸಾಲ ಇಟ್ಟುಕೊಂಡು ಹೂಡುವವರು ಎರಡೂ ಏಟನ್ನು ಒಂದೇ ತಿಂಗಳಲ್ಲಿ ತಿನ್ನುತ್ತಾರೆ. "ಸರಾಸರಿ ಶೇ 12" ಎಂಬ ಮಾತು ಹತ್ತು ಹದಿನೈದು ವರ್ಷ ಕೈಹಾಕದೆ ಬಿಡುವ ದುಡ್ಡಿಗೆ ಹೇಳುವ ಮಾತು. ನಾಲ್ಕು ವರ್ಷದ ಸಾಲದ ಪಕ್ಕದಲ್ಲಿ ಇಟ್ಟು ತೂಗುವ ಮಾತಲ್ಲ.

ಹಾಗಾದರೆ ಎಸ್‌ಐಪಿ ಪರವಾಗಿ ಹೇಳಲು ಏನೂ ಇಲ್ಲವೇ? ಇದೆ, ಮತ್ತು ಅದು ಬಲವಾದ ಮಾತು. ಮೇಲಿನ ಲೆಕ್ಕವೆಲ್ಲ ನಿಂತಿರುವುದು ಸಾಲ ತೀರಿದ ಮರುತಿಂಗಳಿನಿಂದ 17,159 ರೂಪಾಯಿ ಎಲ್ಲೂ ಸೋರಿ ಹೋಗುವುದಿಲ್ಲ ಎಂಬುದರ ಮೇಲೆ. ಅದು ಹೊಸ ಬೈಕಿನ ಕಂತಿಗೋ ದೊಡ್ಡ ಟಿವಿಗೋ ಹೋದರೆ 48ನೇ ತಿಂಗಳಿಗೆ ಅವನ ಕೈಯಲ್ಲಿ ಏನೂ ಇರುವುದಿಲ್ಲ. ಎಸ್‌ಐಪಿ ಮಾಡಿದವನ ಕೈಯಲ್ಲಿ ಪೇಟೆ ಹೇಗಿದ್ದರೂ ಏನಾದರೂ ಇರುತ್ತದೆ. ನಾನು ಕಂಡವರಲ್ಲಿ ಸಾಲ ಬೇಗ ತೀರಿಸಿದ ಹೆಚ್ಚಿನವರು ಆರು ತಿಂಗಳೊಳಗೆ ಇನ್ನೊಂದು ಸಾಲಕ್ಕೆ ಸಹಿ ಹಾಕಿದ್ದಾರೆ. ಸಾಲ ತೀರಿದ ಮನೆಗೆ "ನಿಮಗೆ ಏಳು ಲಕ್ಷ ಮಂಜೂರಾಗಿದೆ" ಎಂಬ ಫೋನು ಬರುವುದೂ ಆಗಲೇ. ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಕೊನೆಯ ಕಂತು ಹೋಗುವ ತಿಂಗಳೇ ಎಸ್‌ಐಪಿ ಅರ್ಜಿ ತುಂಬಿಸಿಡು, ಕಂತು ಕಡಿತವಾಗುತ್ತಿದ್ದ ಅದೇ ತಾರೀಖಿಗೆ, ಅದೇ ಮೊತ್ತಕ್ಕೆ. ಆ ದುಡ್ಡು ಇಲ್ಲದೆಯೇ ಬದುಕಿ ಅಭ್ಯಾಸವಾಗಿರುತ್ತದೆ, ಒಂದು ತಿಂಗಳು ಕೈಯಲ್ಲಿ ಆಡಿತೆಂದರೆ ಆ ಅಭ್ಯಾಸ ತಪ್ಪಿತು.

ಲೆಕ್ಕ ಒಪ್ಪಿಗೆಯಾದ ಮೇಲೆ ಅವನು ಇನ್ನೊಂದು ವಿಷಯ ಬಾಯಿಬಿಟ್ಟ. "ನಾನು ಆಗ್ಲೇ ಒಂದ್ಸಲ ಇಪ್ಪತ್ತು ಸಾವಿರ ಹೆಚ್ಚಿಗೆ ಕಟ್ಟಿದ್ದೆ ಮಾವ, ಆದ್ರೆ ಕಂತೂ ಇಳೀಲಿಲ್ಲ, ಅವಧೀನೂ ಇಳೀಲಿಲ್ಲ." ಸ್ಟೇಟ್‌ಮೆಂಟ್ ನೋಡಿದೆ. ಅವನು ಕಟ್ಟಿದ್ದು ಸಾಲದ ಖಾತೆಗಲ್ಲ, ಕಂತು ಕಡಿತವಾಗುವ ತನ್ನದೇ ಎಸ್‌ಬಿ ಖಾತೆಗೆ. ಖಾತೆಯಲ್ಲಿ ದುಡ್ಡು ಹೆಚ್ಚಿದ್ದರೆ ಬ್ಯಾಂಕು ತಾನಾಗಿ ಸಾಲಕ್ಕೆ ಹಾಕಿಕೊಳ್ಳುತ್ತದೆ ಎಂದುಕೊಂಡಿದ್ದ. ಅದು ಕಂತಿನ ಮೊತ್ತವನ್ನಷ್ಟೇ ತೆಗೆದುಕೊಳ್ಳುತ್ತದೆ. ಆ ಇಪ್ಪತ್ತು ಸಾವಿರ ಗಣೇಶನ ಹಬ್ಬದಲ್ಲಿ ಖರ್ಚಾಗಿಹೋಗಿತ್ತು.

ಮೊದಲೇ ತೀರಿಸಬೇಕೆಂದರೆ ಪಾರ್ಟ್ ಪೇಮೆಂಟ್ ಎಂದೇ ಹೇಳಿ ಕಟ್ಟಬೇಕು, ಸಾಲ ಕೊಟ್ಟವರ ಆ್ಯಪ್‌ನಲ್ಲಿ ಅಥವಾ ಶಾಖೆಗೆ ಬರೆದುಕೊಟ್ಟು. ಕೆಲವು ಕಡೆ ಹೆಚ್ಚಿಗೆ ಬಂದದ್ದನ್ನು "ಅಡ್ವಾನ್ಸ್ ಇಎಂಐ" ಎಂದು ಪಕ್ಕಕ್ಕಿಟ್ಟು ಮುಂದಿನ ಕಂತಿಗೆ ಹೊಂದಿಸುತ್ತಾರೆ, ಅದರಿಂದ ಬಡ್ಡಿ ಒಂದು ಪೈಸೆಯೂ ಉಳಿಯುವುದಿಲ್ಲ. ಇನ್ನೊಂದು ಮಾತನ್ನೂ ಬರೆದುಕೊಡಬೇಕು: ಕಂತು ಹಾಗೇ ಇರಲಿ, ಅವಧಿ ಇಳಿಸಿ. ಅವರು ಕಂತು ಇಳಿಸಿದರೆ ಆ ಉಳಿದ ದುಡ್ಡು ಮನೆಖರ್ಚಿನಲ್ಲಿ ಕರಗಿ, ಸಾಲ ಪೂರ್ತಿ ಐದು ವರ್ಷ ಎಳೆಯುತ್ತದೆ. ಕೆಲಸ ಸರಿಯಾಗಿ ಆಗಿದೆಯೇ ಎಂದು ತಿಳಿಯುವುದು ಸುಲಭ. ಕಟ್ಟಿದ ಒಂದೆರಡು ದಿನದಲ್ಲಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಯಿರಿ. ಬಾಕಿ ಅಸಲು ನೀವು ಕಟ್ಟಿದಷ್ಟೂ ಇಳಿದಿರಬೇಕು, ಮುಂದಿನ ಕಂತಿನಲ್ಲಿ ಬಡ್ಡಿಯ ಪಾಲು ಕಡಿಮೆಯಾಗಿರಬೇಕು, ಕೊನೆಯ ಕಂತಿನ ತಾರೀಖು ಹಿಂದಕ್ಕೆ ಬಂದಿರಬೇಕು. ಮೂರರಲ್ಲಿ ಒಂದು ತಪ್ಪಿದ್ದರೂ ಅವತ್ತೇ ಕೇಳಬೇಕು.

ಇನ್ನು ದಂಡದ ವಿಷಯ. ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ ಬದಲಾಗುವ ಬಡ್ಡಿದರದ ಸಾಲವನ್ನು ವ್ಯಕ್ತಿಗಳು ಸ್ವಂತಕ್ಕೆ ತೆಗೆದಿದ್ದರೆ ಮೊದಲೇ ತೀರಿಸಲು ಶುಲ್ಕ ಹಾಕುವಂತಿಲ್ಲ. ಗೃಹಸಾಲದವರಿಗೆ ಇದರ ಲಾಭ ಸಿಗುತ್ತದೆ. ಆದರೆ ಪರ್ಸನಲ್ ಲೋನ್‌ಗಳು ಹೆಚ್ಚಾಗಿ ಸ್ಥಿರ ದರದವು, ಅವುಗಳಿಗೆ ಆ ರಕ್ಷಣೆ ಇಲ್ಲ. ಸಾಲ ಕೊಟ್ಟವರು ಕಾಗದದಲ್ಲಿ ತಿಳಿಸಿದ್ದರೆ ಶುಲ್ಕ ಹಾಕಬಹುದು. 2024ರ ಅಕ್ಟೋಬರ್ 1ರಿಂದ ಕೊಡುವ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪುಟ ಕಡ್ಡಾಯವಾಗಿದೆ. ಶುಲ್ಕ ಎಷ್ಟು ಎಂಬುದು ಅದರಲ್ಲಿ ಇರಬೇಕು, ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ. ಅದೇ ಪುಟದಲ್ಲಿ ಎಪಿಆರ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸಿದ ವಾರ್ಷಿಕ ಖರ್ಚು ಅದು. "ಬರೀ ಹತ್ತು ಪರ್ಸೆಂಟ್ ಫ್ಲಾಟ್" ಎಂದು ಬಾಯಲ್ಲಿ ಹೇಳಿ ಕೊಟ್ಟ ಐದು ವರ್ಷದ ಸಾಲದ ನಿಜವಾದ ದರ ಶೇ 17 ದಾಟುತ್ತದೆ, ಯಾಕೆಂದರೆ ಅಸಲು ಇಳಿಯುತ್ತಾ ಬಂದರೂ ಬಡ್ಡಿಯನ್ನು ಕೊನೆಯವರೆಗೂ ಮೊದಲ ದಿನದ ಮೊತ್ತಕ್ಕೇ ಲೆಕ್ಕ ಹಾಕಿರುತ್ತಾರೆ. ಅಂಥವರ ಬಳಿ ಮೊದಲೇ ತೀರಿಸಿದರೆ ಬಡ್ಡಿ ಹೇಗೆ ಇಳಿಸುತ್ತೀರಿ ಎಂದು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.

ನಮ್ಮ ಹುಡುಗನ ಕಾಗದದಲ್ಲಿ ಇದ್ದದ್ದು ಹೀಗೆ: ಮೊದಲ ಹನ್ನೆರಡು ಕಂತಿನವರೆಗೆ ಪಾರ್ಟ್ ಪೇಮೆಂಟ್ ಇಲ್ಲ, ಆಮೇಲೆ ವರ್ಷಕ್ಕೆ ಒಂದು ಸಲ ಮಾತ್ರ, ಕಟ್ಟಿದ ಮೊತ್ತದ ಮೇಲೆ ಶೇ 4 ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ತಿಂಗಳು ತಿಂಗಳು ಐದು ಸಾವಿರ ಕಟ್ಟುವ ಚಂದದ ಲೆಕ್ಕ ಇಲ್ಲಿ ಮುರಿದುಬಿತ್ತು. ಹೊಸದಾಗಿ ಹಾಕಿದೆವು. ಐದು ಸಾವಿರದಂತೆ ಹನ್ನೆರಡು ತಿಂಗಳು ಆರ್‌ಡಿ ಕಟ್ಟುವುದು, ವರ್ಷದ ಕೊನೆಗೆ 60 ಸಾವಿರ ಸಾಲಕ್ಕೆ ಕಟ್ಟುವುದು. ಪ್ರತಿ ಸಲದ ಶುಲ್ಕ 2,832 ರೂಪಾಯಿ. ಆರ್‌ಡಿಯಲ್ಲಿ ಬರುವ ಎರಡು ಸಾವಿರ ಚಿಲ್ಲರೆ ಬಡ್ಡಿ ಆ ಶುಲ್ಕದ ಬಹುಪಾಲು ತುಂಬುತ್ತದೆ. ಹೀಗೆ ಎರಡು ಸಲ ಕಟ್ಟಿದರೆ ಸಾಲ 48ರ ಬದಲು 35 ತಿಂಗಳಿಗೆ ತೀರುತ್ತದೆ, ಬಡ್ಡಿ 44,600 ಉಳಿಯುತ್ತದೆ, ಶುಲ್ಕ ಕಳೆದು ಕೈಗೆ 39 ಸಾವಿರ. 58 ಸಾವಿರ 39ಕ್ಕೆ ಇಳಿದದ್ದು ಅವನಿಗೆ ಬೇಸರ ತಂದಿತು. ನನಗೂ ಬೇಸರವೇ, ದುಡ್ಡು ವಾಪಸು ಕೊಡುತ್ತೇನೆ ಎಂದವನಿಗೆ ದಂಡ ಹಾಕುವುದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ. ಆದರೂ ಈ 39 ಸಾವಿರ ಪೇಟೆ ಏರಿದರೂ ಬಿದ್ದರೂ ಸಿಗುವಂಥದ್ದು.

ಶುಲ್ಕ ಇರುವ ಸಾಲದಲ್ಲಿ ಕೊನೆಯ ತಿಂಗಳುಗಳ ಬಗ್ಗೆ ಎಚ್ಚರ ಬೇಕು. ಇದೇ ಸಾಲ ಮಾಮೂಲಿ ಕಂತಿನಲ್ಲಿ ನಡೆದು ಇನ್ನು ಆರು ಕಂತು ಉಳಿದಿದೆ ಎನ್ನಿ. ಬಾಕಿ ಅಸಲು 69,667. ಆರು ತಿಂಗಳಲ್ಲಿ ಇನ್ನು ಕಟ್ಟಬೇಕಾದ ಬಡ್ಡಿ 3,287 ರೂಪಾಯಿ. ಒಂದೇ ಸಲ ತೀರಿಸಲು ಹೋದರೆ ಶುಲ್ಕ ಮತ್ತು ಜಿಎಸ್‌ಟಿ ಸೇರಿ 3,288. ಒಂದು ರೂಪಾಯಿ ನಷ್ಟ, ಆರು ತಿಂಗಳ ಮುಂಚೆಯೇ 70 ಸಾವಿರ ಕೈಬಿಟ್ಟದ್ದು ಬೇರೆ. ಬೋನಸ್ ಬಂತೆಂದು ಖುಷಿಯಲ್ಲಿ ಹೋಗಿ ಕೊನೆಯ ನಾಲ್ಕೈದು ಕಂತನ್ನು ಒಟ್ಟಿಗೆ ತೀರಿಸುವವರು ಈ ಲೆಕ್ಕ ನೋಡಿರುವುದಿಲ್ಲ. ಅಂಥ ಸಮಯದಲ್ಲಿ ಕಂತು ತನ್ನಷ್ಟಕ್ಕೆ ಮುಗಿಯಲು ಬಿಟ್ಟು, ಬೋನಸ್ಸನ್ನು ಹೂಡಿಕೆಗೆ ಹಾಕುವುದೇ ಸರಿ.

ಇಷ್ಟೆಲ್ಲ ಆದ ಮೇಲೆ ಅಕ್ಕ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. "ಇರೋದನ್ನೆಲ್ಲ ಬ್ಯಾಂಕಿಗೆ ಸುರಿದುಬಿಟ್ಟು, ನಾಳೆ ಮಗೂಗೆ ಹುಷಾರಿಲ್ಲ ಅಂದ್ರೆ?" ಸಾಲಕ್ಕೆ ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಆಗ ಮತ್ತೆ ಕೈಚಾಚಬೇಕಾಗುವುದು ಹೊಸ ಸಾಲಕ್ಕೋ ಕ್ರೆಡಿಟ್ ಕಾರ್ಡಿಗೋ. ಕಾರ್ಡಿನಲ್ಲಿ ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ 42. ಶೇ 16 ಉಳಿಸಲು ಹೋಗಿ 42ಕ್ಕೆ ಸಿಕ್ಕಿಬೀಳುವುದು ಬೇಡ. (ಕಾರ್ಡಿನ ಬಾಕಿ ಈಗಾಗಲೇ ಇದ್ದವರು ಪರ್ಸನಲ್ ಲೋನ್ ಮುಟ್ಟುವ ಮೊದಲು ಅದನ್ನೇ ತೀರಿಸಬೇಕು.)

ಆಪತ್ತಿಗೆ ಆರು ತಿಂಗಳ ಖರ್ಚು ತೆಗೆದಿಡಿ ಎಂದು ಪುಸ್ತಕಗಳು ಹೇಳುತ್ತವೆ. ದುಬಾರಿ ಸಾಲ ತಲೆಯ ಮೇಲಿರುವವರಿಗೆ ಅಷ್ಟು ಕೂಡಿಡುವವರೆಗೆ ಕಾಯಿರಿ ಎಂದರೆ ವರ್ಷಗಟ್ಟಲೆ ಬಡ್ಡಿ ಕಟ್ಟಿ ಎಂದ ಹಾಗೆ. ನಾನು ಹೇಳುವುದು ಎರಡು ಕಂತಿನ ದುಡ್ಡು ಮತ್ತು ಒಂದು ತಿಂಗಳ ಮನೆಖರ್ಚು. ಅವನ ಮನೆಗೆ ತಿಂಗಳಿಗೆ 30 ಸಾವಿರ ಬೇಕು, ಎರಡು ಕಂತು 24 ಸಾವಿರ ಚಿಲ್ಲರೆ, ಒಟ್ಟು 54 ಸಾವಿರ. ಖಾತೆಯಲ್ಲಿ 40 ಸಾವಿರ ಇತ್ತು. ಮೊದಲ ಮೂರು ತಿಂಗಳ ಉಳಿಕೆ ಅಲ್ಲಿಗೆ, ನಾಲ್ಕನೇ ತಿಂಗಳಿನಿಂದ ಸಾಲದ ಆರ್‌ಡಿಗೆ. ಮೇಲಿನ ಅಂಕಿಗಳೆಲ್ಲ ಸ್ವಲ್ಪ ಸರಿಯುತ್ತವೆ, ದಾರಿ ಬದಲಾಗುವುದಿಲ್ಲ.

ಸಾಲದ ದರ ಕಡಿಮೆ ಇದ್ದವರಿಗೆ ಉತ್ತರ ಬೇರೆಯಾಗಬಹುದು. ಸರ್ಕಾರಿ ನೌಕರಿ, ಸಂಬಳದ ಖಾತೆ ಇರುವ ಬ್ಯಾಂಕಿನಲ್ಲೇ ಶೇ 10.5ಕ್ಕೆ ಸಾಲ ಸಿಕ್ಕಿದೆ ಎನ್ನಿ. ಖಚಿತವಾದ ಹತ್ತೂವರೆಗೂ ನಿರೀಕ್ಷೆಯ ಹನ್ನೆರಡಕ್ಕೂ ಇರುವ ಅಂತರ ಸಣ್ಣದು. ಅದರ ಮೇಲೆ ಶೇ 4 ಶುಲ್ಕವೂ ಇದ್ದು, ಹೂಡುವ ದುಡ್ಡನ್ನು ಹತ್ತು ವರ್ಷ ಮುಟ್ಟದೆ ಇರುವ ಧೈರ್ಯವಿದ್ದರೆ ಅರ್ಧ ಸಾಲಕ್ಕೆ, ಅರ್ಧ ಎಸ್‌ಐಪಿಗೆ ಎನ್ನುವುದರಲ್ಲಿ ತಪ್ಪಿಲ್ಲ. ಶೇ 13 ದಾಟಿದ ಮೇಲೆ ನನಗೆ ಅನುಮಾನ ಉಳಿಯುವುದಿಲ್ಲ, ಸಾಲವೇ ಮೊದಲು. ಮೂಲೆಯಲ್ಲಿ ಶೇ 6.5ರ ಹಳೆಯ ಎಫ್‌ಡಿ ಇಟ್ಟುಕೊಂಡು ಶೇ 16ರ ಕಂತು ಕಟ್ಟುತ್ತಿರುವವರು, ಆಪತ್ತಿನ ಪಾಲನ್ನು ಬಿಟ್ಟು, ಆ ಎಫ್‌ಡಿಯನ್ನು ಮುರಿಯುವುದೂ ಇದೇ ಲೆಕ್ಕಕ್ಕೆ ಸೇರಿದ್ದು.

ಸಂಜೆ ಹೊರಡುವ ಹೊತ್ತಿಗೆ ಹುಡುಗ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದಿದ್ದ. ಆರ್‌ಡಿ ಶುರುವಾಗುವ ತಿಂಗಳು, ಮೊದಲ ಪಾರ್ಟ್ ಪೇಮೆಂಟ್ ತಿಂಗಳು, "ಅವಧಿ ಇಳಿಸಿ ಎಂದು ಬರೆದುಕೊಡು" ಎಂಬ ನೆನಪಿನ ಸಾಲು. ಅದರ ಕೆಳಗೆ ಸಾಲ ತೀರಿದ ದಿನ ಮಾಡಬೇಕಾದ್ದು: ಬಾಕಿ ಇಲ್ಲ ಎಂಬ ಪತ್ರ ಪಡೆಯುವುದು, ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ನ್ಯಾಚ್ ಆದೇಶ ರದ್ದು ಮಾಡಿಸುವುದು, ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿಯಲ್ಲಿ ಸಾಲ "ಕ್ಲೋಸ್ಡ್" ಎಂದು ಬಂದಿದೆಯೇ ನೋಡುವುದು. ಕೊನೆಯ ಸಾಲನ್ನು ನಾನು ಹೇಳಿರಲಿಲ್ಲ, ಅವನ ಹೆಂಡತಿ ಬರೆಸಿದ್ದಂತೆ: ಮರುತಿಂಗಳ ಐದನೇ ತಾರೀಖು, ಎಸ್‌ಐಪಿ, 17,000.